ಹಳೇ ಪ್ರಶ್ನೆಪತ್ರಿಕೆಗಳ ಫೋಟೋ ನೋಡಿ ಯಾವ ಟಾಪಿಕ್ ಎಷ್ಟು ಸಲ ಬಂದಿದೆ ಅಂತ ಪಟ್ಟಿ ಮಾಡಿದ್ದೀನಿ. ಲೆಕ್ಕ ಸರಿ ಇದೆಯಾ?

ಮಳೆಬಿಲ್ಲು

ಎಲ್ಲರಿಗೂ ನಮಸ್ಕಾರ. ಭೌತಶಾಸ್ತ್ರದ ಪರೀಕ್ಷೆಗೆ ಇನ್ನು 19 ದಿನ ಇದೆ. ಎಲ್ಲಾ ಪಾಠಗಳನ್ನೂ ಮೊದಲಿಂದ ಓದುವಷ್ಟು ಸಮಯ ಇಲ್ಲ. ಅದಕ್ಕೆ ಹಿಂದಿನ ವರ್ಷಗಳ ಪತ್ರಿಕೆ ನೋಡಿ, ಯಾವುದನ್ನು ಮೊದಲು ಓದಬೇಕು ಅಂತ ತೀರ್ಮಾನಿಸೋಣ ಅಂದುಕೊಂಡೆ.

ಪತ್ರಿಕೆಗಳು ನನ್ನ ಹತ್ತಿರ ಇಲ್ಲ. ಗೆಳತಿಯೊಬ್ಬಳು ಫೋನಿನಲ್ಲಿ ತೆಗೆದ 41 ಫೋಟೋ ಕಳಿಸಿದ್ದಾಳೆ. ಒಟ್ಟು ಏಳು ಪತ್ರಿಕೆ. ನೋಟ್‌ಬುಕ್ಕಿನಲ್ಲಿ ಒಂದೊಂದು ಟಾಪಿಕ್ ಹೆಸರು ಬರೆದು, ಪ್ರಶ್ನೆ ಕಂಡಾಗಲೆಲ್ಲ ಒಂದು ಗೀಟು ಹಾಕುತ್ತಾ ಹೋದೆ. ಅರೆವಾಹಕಗಳು, ಅಂದರೆ ಡಯೋಡ್, ಲಾಜಿಕ್ ಗೇಟ್ ಎಲ್ಲಾ ಸೇರಿ 16 ಗೀಟು ಬಂತು. ಅದೇ ಎಲ್ಲಕ್ಕಿಂತ ಜಾಸ್ತಿ. ವಿದ್ಯುತ್ ಪ್ರವಾಹಕ್ಕೆ 12 ಮಾತ್ರ. ಹಾಗಾದರೆ ಅರೆವಾಹಕಗಳಿಂದ ಶುರು ಮಾಡಲಾ?

ಪತ್ರಿಕೆಯ ರೂಪ ಹೀಗಿದೆ. ಎ ವಿಭಾಗದಲ್ಲಿ ಒಂದು ಅಂಕದ 10 ಪ್ರಶ್ನೆ, ಎಲ್ಲವನ್ನೂ ಬರೆಯಬೇಕು. ಬಿ ವಿಭಾಗದಲ್ಲಿ ಎರಡು ಅಂಕದ 8 ಪ್ರಶ್ನೆ, 5 ಬರೆಯಬೇಕು. ಸಿ ವಿಭಾಗದಲ್ಲಿ ಮೂರು ಅಂಕದ 8, ಅದರಲ್ಲೂ 5. ಡಿ ವಿಭಾಗದಲ್ಲಿ ಐದು ಅಂಕದ 7 ಪ್ರಶ್ನೆ, 5 ಬರೆಯಬೇಕು. ಒಟ್ಟು 60 ಅಂಕ.

ನೀಲಿಶಾಯಿ

41 ಫೋಟೋ ಬಿಡಿಬಿಡಿಯಾಗಿ ಇಟ್ಕೊಂಡ್ರೆ ಕಷ್ಟ. ಫೋನಿನಲ್ಲಿ ಸ್ಕ್ಯಾನ್ ಮಾಡೋ ಆ್ಯಪ್ ಇರುತ್ತಲ್ಲ, ಅದರಲ್ಲಿ ಎಲ್ಲವನ್ನೂ ಆರಿಸಿ ಒಂದೇ ಪಿಡಿಎಫ್ ಮಾಡಿ. ಕಪ್ಪು ಬಿಳುಪು ಮಾಡಿದರೆ ಪ್ರಿಂಟ್ ಕೂಡ ಚೆನ್ನಾಗಿ ಬರುತ್ತೆ.

ಮಳೆಬಿಲ್ಲು

ಥ್ಯಾಂಕ್ಸ್. ಆದರೆ ನನ್ನ ಪ್ರಶ್ನೆ ಫೋಟೋ ಜೋಡಿಸೋದರ ಬಗ್ಗೆ ಅಲ್ಲ. ಎಣಿಸಿದ ಮೇಲೆ ಬಂದ ಪಟ್ಟಿಯನ್ನು ನಂಬಬಹುದಾ ಅಂತ.

ಹಳೇ ಮೇಷ್ಟ್ರು

ಮಳೆಬಿಲ್ಲು, ಈಗಿರುವ ಪಟ್ಟಿಯನ್ನು ನಂಬಬೇಡಮ್ಮಾ. ನೀನು ಪ್ರಶ್ನೆ ಎಣಿಸಿದ್ದೀಯ, ಅಂಕ ಎಣಿಸಿಲ್ಲ. ಒಂದು ಅಂಕದ ಪ್ರಶ್ನೆಗೂ ಒಂದು ಗೀಟು, ಐದು ಅಂಕದ ಪ್ರಶ್ನೆಗೂ ಒಂದೇ ಗೀಟು. ಎ ವಿಭಾಗದಲ್ಲಿ ಚೂರುಚೂರಾಗಿ ಬರುವ ಟಾಪಿಕ್ ಯಾವಾಗಲೂ ಮೇಲೆ ಕಾಣುತ್ತೆ.

ಗೀಟು ಬಿಟ್ಟು ಸ್ಪ್ರೆಡ್‌ಶೀಟ್ ತೆಗಿ. ಒಂದು ಪ್ರಶ್ನೆಗೆ ಒಂದು ಸಾಲು. ಒಂದೇ ಪ್ರಶ್ನೆಯಲ್ಲಿ ಎರಡು ಉಪಪ್ರಶ್ನೆ ಬೇರೆ ಬೇರೆ ಟಾಪಿಕ್‌ನಿಂದ ಇದ್ದರೆ ಅವಕ್ಕೆ ಎರಡು ಸಾಲು. ಕಾಲಂ ಆರು ಸಾಕು: ಪತ್ರಿಕೆ, ಪ್ರಶ್ನೆ ಸಂಖ್ಯೆ, ವಿಭಾಗ, ಅಂಕ, ಟಾಪಿಕ್, ಬಗೆ. ಬಗೆ ಅಂದರೆ ಲೆಕ್ಕವೋ, ಡಿರೈವೇಷನ್ನೋ, ವ್ಯಾಖ್ಯೆಯೋ ಅನ್ನೋದು. ಪತ್ರಿಕೆಗಳಿಗೆ Y1, Y2 ಅಂತ ಹೆಸರು ಕೊಡು. ಫೋಟೋ ಫೈಲಿಗೂ ಅದೇ ಹೆಸರಿಡು, `Y3_P2.jpg` ಅನ್ನೋ ಥರ. ನಾಳೆ ಅನುಮಾನ ಬಂದಾಗ ಹುಡುಕೋದು ಸುಲಭ.

ಎಲ್ಲಾ ತುಂಬಿಸಿದ ಮೇಲೆ ಟಾಪಿಕ್ ಲೆಕ್ಕಕ್ಕೆ ಹೋಗಬೇಡ. ಮೊದಲು ಒಂದೊಂದು ಪತ್ರಿಕೆಯ ಅಂಕಗಳನ್ನು ಕೂಡಿಸು. ನೀನು ಹೇಳಿದ ರೂಪದ ಪ್ರಕಾರ ಅಚ್ಚಾಗಿರುವ ಅಂಕ 10, 16, 24, 35. ಒಟ್ಟು 85. ಪ್ರತಿ ಪತ್ರಿಕೆಗೂ 85 ಬರಲೇಬೇಕು. ಬರದಿದ್ದರೆ ಎಲ್ಲೋ ಏನೋ ತಪ್ಪಿದೆ ಅಂತ ಅರ್ಥ, ಎಷ್ಟು ಕಮ್ಮಿ ಬಂತು ಅನ್ನೋದೇ ಏನು ತಪ್ಪಿದೆ ಅಂತ ಹೇಳಿಬಿಡುತ್ತೆ.

ಕಡೇ ಬೆಂಚು

ಅಷ್ಟೆಲ್ಲಾ ಕೈಯಲ್ಲಿ ಯಾಕೆ ಟೈಪ್ ಮಾಡ್ತೀರಾ? ಫೋಟೋದಿಂದ ಅಕ್ಷರ ತೆಗೆಯೋ ಟೆಸೆರಾಕ್ಟ್ ಇದೆ, ಉಚಿತ. ಕನ್ನಡವೂ ಓದುತ್ತೆ.

```
tesseract Y3_P2.jpg Y3_P2 -l kan+eng
```

ಬಂದ ಫೈಲಿನಲ್ಲಿ "ಡಯೋಡ್", "ಲೆನ್ಸ್" ಅಂತ ಪದ ಹುಡುಕಿ ಎಣಿಸಿದರೆ ಆಯ್ತು. ಹತ್ತು ನಿಮಿಷದ ಕೆಲಸ.

ಅಂಚೆಪೆಟ್ಟಿಗೆ

ನಾನು ಹೋದ ವರ್ಷ ಇದನ್ನೇ ಮಾಡಿದ್ದೆ, ಅದಕ್ಕೆ ಹೇಳ್ತಿದ್ದೀನಿ. ಸ್ಕ್ಯಾನರ್‌ನಲ್ಲಿ ತೆಗೆದ ಚಪ್ಪಟೆ ಪುಟ ಆದರೆ ಪರವಾಗಿಲ್ಲ. ಫೋನಿನಲ್ಲಿ ತೆಗೆದ ಪ್ರಶ್ನೆಪತ್ರಿಕೆಯಲ್ಲಿ ಎರಡು ಕಡೆ ಕೈಕೊಡುತ್ತೆ. ಅಂಕ ಅಚ್ಚಾಗಿರೋದು ಬಲಗಡೆ ಅಂಚಿನಲ್ಲಿ. ಪುಟ ಬಾಗಿರೋದು, ನೆರಳು ಬೀಳೋದು ಕೂಡ ಅಲ್ಲೇ. ಹಾಗಾಗಿ ಅಂಕವೇ ಸಿಗಲ್ಲ, ಸಿಕ್ಕರೂ ಅದು ಯಾವ ಪ್ರಶ್ನೆಯದ್ದು ಅಂತ ಗೊತ್ತಾಗಲ್ಲ. ಇನ್ನೊಂದು, ಸೂತ್ರಗಳು. ಭಿನ್ನರಾಶಿ, ಮೇಲಕ್ಷರ, ಕೆಳಕ್ಷರ ಬಂದ ಸಾಲು ಪೂರ್ತಿ ಕಲಸಿಹೋಗುತ್ತೆ.

ಪದ ಹುಡುಕಿ ಎಣಿಸೋದು ಇನ್ನೂ ಅಪಾಯ. "ಪಕ್ಕದ ಚಿತ್ರದಲ್ಲಿ A ಮತ್ತು B ನಡುವಿನ ರೋಧವನ್ನು ಕಂಡುಹಿಡಿಯಿರಿ" ಅಂತ ಒಂದು ಪ್ರಶ್ನೆ ಇತ್ತು. ಚಿತ್ರ ನೋಡಿದರೆ ಅದು ವೀಟ್‌ಸ್ಟನ್ ಬ್ರಿಡ್ಜ್. ಪ್ರಶ್ನೆಯಲ್ಲಿ ಆ ಪದವೇ ಇಲ್ಲ. ಪದ ಹುಡುಕಿದ್ದರೆ ಆ ಐದು ಅಂಕ ನನ್ನ ಪಟ್ಟಿಯಿಂದ ಮಾಯವಾಗ್ತಿತ್ತು.

ಮೇಷ್ಟ್ರು ಹೇಳಿದ ಕಾಲಂಗಳಿಗೆ ಪ್ರಶ್ನೆಯ ಪೂರ್ತಿ ಪಠ್ಯ ಬೇಕಾಗೇ ಇಲ್ಲ. ಒಂದು ಪತ್ರಿಕೆಯಲ್ಲಿ 33 ಪ್ರಶ್ನೆ. ಓದಿ, ಟಾಪಿಕ್ ಮತ್ತು ಅಂಕ ತುಂಬಿಸೋಕೆ ನನಗೆ ಪತ್ರಿಕೆಗೆ ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯಲ್ಲಿ ಪ್ರತಿ ಪ್ರಶ್ನೆಯನ್ನೂ ಒಮ್ಮೆ ಓದಿದ ಹಾಗೂ ಆಯ್ತು.

ಕಡೇ ಬೆಂಚು

ಚಿತ್ರದ ಪ್ರಶ್ನೆಗಳು ನನ್ನ ತಲೆಗೆ ಬರಲಿಲ್ಲ, ಸರಿ. ನಂದು ಭಾಷಾ ಪತ್ರಿಕೆ, ಅದರಲ್ಲಿ ಪಠ್ಯವೇ ಎಲ್ಲಾ. ಅಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು.

ಮಳೆಬಿಲ್ಲು

ಎರಡು ಸಂಜೆ ಕೂತು ಏಳೂ ಪತ್ರಿಕೆ ತುಂಬಿಸಿದೆ. ಮೇಷ್ಟ್ರೇ, ನೀವು ಹೇಳಿದ ಹಾಗೆ ಮೊದಲು ಕೂಡಿಸಿದೆ. ಐದು ಪತ್ರಿಕೆಗೆ ಸರಿಯಾಗಿ 85 ಬಂತು. Y4ಕ್ಕೆ 84. Y2ಕ್ಕೆ 75.

Y4 ಫೋಟೋ ಮತ್ತೆ ನೋಡಿದೆ. ಸಿ ವಿಭಾಗದ ಒಂದು ಪ್ರಶ್ನೆಗೆ 3ರ ಬದಲು 2 ಅಂತ ಒತ್ತಿದ್ದೆ. ಸರಿ ಮಾಡಿದೆ. Y2ರಲ್ಲಿ ಹತ್ತು ಅಂಕ ಎಲ್ಲಿ ಹೋಯ್ತು ಅಂತ ಹುಡುಕಿದರೆ, ಡಿ ವಿಭಾಗದಲ್ಲಿ ಐದೇ ಪ್ರಶ್ನೆ ಇದೆ. ಕೊನೆಯ ಎರಡು ಪ್ರಶ್ನೆ ಇಲ್ಲ. ಫೋಟೋದ ಕೆಳಗೆ "ಪುಟ ತಿರುಗಿಸಿ" ಅಂತ ಅಚ್ಚಾಗಿದೆ, ಆದರೆ ಆ ಪುಟದ ಫೋಟೋ ನನ್ನ ಹತ್ತಿರ ಇಲ್ಲ!

ಹಳೇ ಮೇಷ್ಟ್ರು

ಫೋಟೋಗಳಲ್ಲಿ ಸಾಮಾನ್ಯವಾಗಿ ತಪ್ಪಿಹೋಗೋದು ಕೊನೇ ಪುಟವೇ. ಅದರ ಪರಿಣಾಮ ಎಲ್ಲಾ ಟಾಪಿಕ್‌ಗೂ ಒಂದೇ ಥರ ಆಗಲ್ಲ. ಕೊನೇ ಪುಟದಲ್ಲಿ ಇರೋದು ದೊಡ್ಡ ಪ್ರಶ್ನೆಗಳು. ಅದು ತಪ್ಪಿದರೆ ಐದು ಅಂಕಕ್ಕೆ ಬರುವ ಟಾಪಿಕ್‌ಗಳು ಮಾತ್ರ ಕುಗ್ಗುತ್ತವೆ. ಆ ಎರಡು ಸಾಲನ್ನು ಸೊನ್ನೆ ಅಂತ ಬಿಡಬೇಡ. ಟಾಪಿಕ್ ಜಾಗದಲ್ಲಿ "ಗೊತ್ತಿಲ್ಲ" ಅಂತಲೇ ಬರೆದು, ಐದೈದು ಅಂಕ ಹಾಕಿಡು. ಆಗ ಕೂಡಿದರೆ 85 ಬರುತ್ತೆ, ಎಲ್ಲಿ ತೂತಿದೆ ಅನ್ನೋದೂ ಕಣ್ಣಿಗೆ ಕಾಣುತ್ತೆ. ಅಷ್ಟರಲ್ಲಿ ಆ ಪುಟ ಯಾರ ಹತ್ತಿರವಾದರೂ ಇದೆಯಾ ಕೇಳು.

ಇನ್ನೊಂದು ಮಾತು. ಏಳು ಪತ್ರಿಕೆ ಅಂದೆಯಲ್ಲ, ಏಳೂ ಬೇರೆ ಬೇರೆಯೇ? ಮೇಲ್ಗಡೆ ಮೂಲೆಯಲ್ಲಿರುವ ಪತ್ರಿಕೆಯ ಕೋಡ್ ನೋಡು. ಒಂದೇ ಪರೀಕ್ಷೆಗೆ ಪ್ರಶ್ನೆಗಳ ಕ್ರಮ ಬದಲಿಸಿ ಎರಡು ಮೂರು ಸೆಟ್ ಅಚ್ಚು ಮಾಡುತ್ತಾರೆ.

ಮಳೆಬಿಲ್ಲು

ಮೇಷ್ಟ್ರೇ, ನಿಜ! Y5 ಮತ್ತು Y7 ಒಂದೇ. ಸೆಟ್ ಮಾತ್ರ ಬೇರೆ. ಎ ವಿಭಾಗದ ಕ್ರಮ ಬೇರೆ ಇದ್ದಿದ್ದರಿಂದ ನನಗೆ ಗೊತ್ತೇ ಆಗಿರಲಿಲ್ಲ. ವಿಭಾಗ, ಟಾಪಿಕ್ ಎರಡರ ಪ್ರಕಾರ ಸಾಲುಗಳನ್ನು ಜೋಡಿಸಿ ನೋಡಿದಾಗ ಎರಡೂ ಅಕ್ಷರಶಃ ಒಂದೇ ಥರ ಇದ್ದವು. Y7 ಪೂರ್ತಿ ತೆಗೆದುಹಾಕಿದೆ. ಈಗ ಆರು ಪತ್ರಿಕೆ.

ಆಮೇಲೆ ಟಾಪಿಕ್ ಲೆಕ್ಕ ತೆಗೆದೆ.

ಅರೆವಾಹಕಗಳು: 14 ಪ್ರಶ್ನೆ. ಅದರಲ್ಲಿ ಒಂದು ಅಂಕದ್ದು 8, ಎರಡು ಅಂಕದ್ದು 5, ಮೂರು ಅಂಕದ್ದು 1. ಒಟ್ಟು 21 ಅಂಕ.

ವಿದ್ಯುತ್ ಪ್ರವಾಹ: 10 ಪ್ರಶ್ನೆ. ಒಂದು ಅಂಕದ್ದು 2, ಎರಡು ಅಂಕದ್ದು 1, ಮೂರು ಅಂಕದ್ದು 2, ಐದು ಅಂಕದ್ದು 5, ಅಂದರೆ Y2 ಬಿಟ್ಟು ಪ್ರತಿ ಪತ್ರಿಕೆಯಲ್ಲೂ ಒಂದೊಂದು. ಒಟ್ಟು 35 ಅಂಕ.

ಪೂರ್ತಿ ತಿರುಗಿಬಿಟ್ಟಿತು. ಮೊದಲಿನ ಗೀಟಿನ ಪಟ್ಟಿ ಹಿಡಿದುಕೊಂಡು ಓದಿದ್ದರೆ ಏನು ಗತಿ ಅಂತ ನಿಜವಾಗಲೂ ಭಯ ಆಯ್ತು.

ದಾರಿಹೋಕ

ನಾನು ಬರೆಯೋದು ನೌಕರಿಯ ಪರೀಕ್ಷೆ. 100 ವಸ್ತುನಿಷ್ಠ ಪ್ರಶ್ನೆ, ಎಲ್ಲಕ್ಕೂ ಒಂದೇ ಅಂಕ, ಆಯ್ಕೆ ಇಲ್ಲ. ನನಗೆ ಈ ಅಂಕದ ತಲೆನೋವು ಇಲ್ಲ, ಪ್ರಶ್ನೆ ಎಣಿಸಿದರೂ ಅಂಕ ಎಣಿಸಿದರೂ ಒಂದೇ. ಆದರೆ ನನ್ನ ಪಟ್ಟಿಯಿಂದ ಏನೂ ಉಪಯೋಗ ಆಗ್ತಿಲ್ಲ. ಸುಮಾರು 90 ಟಾಪಿಕ್ ಮಾಡಿದ್ದೀನಿ. ಒಂದೊಂದು ಪತ್ರಿಕೆಯಲ್ಲೂ ಹೆಚ್ಚಿನವಕ್ಕೆ 0 ಅಥವಾ 1 ಅಂತಲೇ ಬರುತ್ತೆ. ಏನು ತಪ್ಪು ಮಾಡ್ತಿದ್ದೀನಿ?

ಹಳೇ ಮೇಷ್ಟ್ರು

ಟಾಪಿಕ್ ತೀರಾ ಸಣ್ಣದು ಮಾಡಿದ್ದೀರಿ. "ಪಿ-ಎನ್ ಸಂಧಿಯ ಹಿಮ್ಮುಖ ಬಯಾಸ್" ಅಂತ ಒಂದು ಸಾಲು ಮಾಡಿದರೆ ಅದು ಆರು ವರ್ಷದಲ್ಲಿ ಒಂದು ಸಲ ಬರಬಹುದು, ಬರದೇ ಇರಬಹುದು. ಅದರಿಂದ ಏನೂ ತಿಳಿಯಲ್ಲ. ಇನ್ನೊಂದು ಕಡೆ, ಪೂರ್ತಿ ಪಾಠವನ್ನೇ ಒಂದು ಟಾಪಿಕ್ ಮಾಡಿದರೆ ಅದೂ ಉಪಯೋಗ ಇಲ್ಲ. ಪ್ರಶ್ನೆಪತ್ರಿಕೆ ಮಾಡುವವರಿಗೆ ಸಾಮಾನ್ಯವಾಗಿ ಒಂದು ಬ್ಲೂಪ್ರಿಂಟ್ ಕೊಟ್ಟಿರುತ್ತಾರೆ, ಯಾವ ಪಾಠಕ್ಕೆ ಎಷ್ಟು ಅಂಕ ಅಂತ. ಹಾಗಾಗಿ ಪಾಠದ ಲೆಕ್ಕ ವರ್ಷವರ್ಷಕ್ಕೂ ಹೆಚ್ಚುಕಮ್ಮಿ ಒಂದೇ ಇರುತ್ತೆ. ಬ್ಲೂಪ್ರಿಂಟ್ ಪ್ರಕಟ ಆಗಿದ್ದರೆ ಎಣಿಸೋ ಅಗತ್ಯವೇ ಇಲ್ಲ, ಅದನ್ನೇ ನೋಡಬಹುದು. ಪಟ್ಟಿ ಹೇಳಬೇಕಾದದ್ದು ಪಾಠದ ಒಳಗೆ ಯಾವುದು ಅಂತ.

ನಾನು ಮಕ್ಕಳಿಗೆ ಹೇಳುತ್ತಿದ್ದದ್ದು ಇಷ್ಟು: ಒಂದು ಸಲ ಕೂತರೆ, ಒಂದೂವರೆ ಎರಡು ಗಂಟೆಯಲ್ಲಿ ರಿವಿಷನ್ ಮುಗಿಸಬಹುದಾದಷ್ಟು ಒಂದು ಟಾಪಿಕ್. ಹೆಸರನ್ನು ಸಿಲಬಸ್ಸಿನಿಂದಲೇ ತೆಗೆದುಕೊಳ್ಳಿ. ಪ್ರಶ್ನೆ ನೋಡಿ ಹೆಸರಿಡುತ್ತಾ ಹೋದರೆ ಒಂದೇ ವಿಷಯಕ್ಕೆ ಮೂರು ಹೆಸರು ಬಂದು ಅದರ ಅಂಕ ಹರಿದು ಹಂಚಿಹೋಗುತ್ತೆ. ಜತೆಗೆ, ಒಂದೂ ಪ್ರಶ್ನೆ ಬರದ ಟಾಪಿಕ್ ಪಟ್ಟಿಗೇ ಬರಲ್ಲ. ಅದು ಸೊನ್ನೆಯೊಂದಿಗೆ ಪಟ್ಟಿಯಲ್ಲಿ ಇರಲೇಬೇಕು.

ಮಳೆಬಿಲ್ಲು

ನನ್ನದು 24 ಟಾಪಿಕ್ ಆಗಿದೆ. ಒಂದು ಕಡೆ ಸಿಕ್ಕಿಹಾಕಿಕೊಂಡೆ. ಸರ್ಕ್ಯೂಟ್‌ನಲ್ಲಿ ಕೆಪಾಸಿಟರ್ ಇರೋ ಐದು ಅಂಕದ ಲೆಕ್ಕ ಬಂದಿದೆ. ಬಹಳ ಹೊತ್ತಾದ ಮೇಲೆ ಕೆಪಾಸಿಟರ್ ಮೇಲಿನ ಚಾರ್ಜ್ ಎಷ್ಟು ಅಂತ. ಇದು ವಿದ್ಯುತ್ ಪ್ರವಾಹಕ್ಕಾ, ಕೆಪಾಸಿಟರ್‌ಗಾ?

ಹಳೇ ಮೇಷ್ಟ್ರು

ಬಿಡಿಸೋ ದಾರಿ ನೋಡು. ಮೊದಲು ಕೆಪಾಸಿಟರ್ ಇರುವ ಕವಲಿನಲ್ಲಿ ಪ್ರವಾಹ ಸೊನ್ನೆ ಅಂತ ಹಿಡಿದು, ಉಳಿದ ಸರ್ಕ್ಯೂಟ್ ಬಿಡಿಸಿ ವೋಲ್ಟೇಜ್ ತೆಗೆಯಬೇಕು. ಆಮೇಲೆ Q = CV. ಮೊದಲ ಕೆಲಸವೇ ಜಾಸ್ತಿ. ನಾನಾಗಿದ್ದರೆ ಎರಡು ಸಾಲು ಮಾಡಿ, ವಿದ್ಯುತ್ ಪ್ರವಾಹಕ್ಕೆ 3, ಕೆಪಾಸಿಟರ್‌ಗೆ 2 ಹಾಕುತ್ತಿದ್ದೆ. ನೀನು ಪೂರ್ತಿ ಐದನ್ನೂ ಒಂದಕ್ಕೇ ಹಾಕಿದ್ದರೂ ದೊಡ್ಡ ತಪ್ಪೇನಲ್ಲ. ಆದರೆ ಎಲ್ಲಾ ಪತ್ರಿಕೆಗೂ ಒಂದೇ ಪದ್ಧತಿ ಇರಲಿ. ಎರಡೂ ಟಾಪಿಕ್‌ಗೆ ಐದೈದು ಮಾತ್ರ ಹಾಕಬೇಡ, 85 ತಾಳೆಯಾಗಲ್ಲ.

ಮಳೆಬಿಲ್ಲು

ನಾನು ಐದನ್ನೂ ಕೆಪಾಸಿಟರ್‌ಗೇ ಹಾಕಿದ್ದೆ. ಇಂಥದ್ದು ಆರು ಪತ್ರಿಕೆಯಲ್ಲಿ ಅದೊಂದೇ ಇರೋದರಿಂದ ಹಾಗೇ ಬಿಟ್ಟಿದ್ದೀನಿ.

ಸಮೀಕರಣ

ಒಂದು ಮುಖ್ಯ ವಿಷಯ ಯಾರೂ ಹೇಳಿಲ್ಲ. ಡಿ ವಿಭಾಗದಲ್ಲಿ 7ಕ್ಕೆ 5 ಬರೆದರೆ ಸಾಕು. ಆದರೆ ನೀವು 35 ಅಂಕವನ್ನೂ ಎಣಿಸುತ್ತಿದ್ದೀರಿ. ಅದು 25 ಅಂಕಕ್ಕೆ ಮಾತ್ರ ಸಮ. ಹಾಗಾಗಿ ಡಿ ವಿಭಾಗದ ಅಂಕವನ್ನು 5/7ರಿಂದ, ಬಿ ಮತ್ತು ಸಿ ಅಂಕಗಳನ್ನು 5/8ರಿಂದ ಗುಣಿಸಬೇಕು. ಎ ವಿಭಾಗ ಕಡ್ಡಾಯ, ಅದು ಪೂರ್ತಿ. ಇದನ್ನು ಮಾಡದೇ ಇದ್ದರೆ ಪಟ್ಟಿ ತಪ್ಪಾಗುತ್ತೆ, ಕಡ್ಡಾಯ ಪ್ರಶ್ನೆಗಳ ಟಾಪಿಕ್‌ಗೆ ಅನ್ಯಾಯ ಆಗುತ್ತೆ.

ಮತ್ತೆ ಇನ್ನೊಂದು. ವಿದ್ಯುತ್ ಪ್ರವಾಹ ಐದು ಅಂಕಕ್ಕೆ ಆರರಲ್ಲಿ ಐದು ವರ್ಷ ಬಂದಿದೆ, Y2ರಲ್ಲಿ ಬಂದಿಲ್ಲ. ಅಂದರೆ ಮಧ್ಯೆ ಮಧ್ಯೆ ಬಿಡುತ್ತಾರೆ. ನಾಲ್ಕು ವರ್ಷ ಸತತವಾಗಿ ಬಂದಿರೋದರಿಂದ ಈ ಸಲ ಬಿಡೋ ಸಾಧ್ಯತೆ ಜಾಸ್ತಿ. ಎರಡು ವರ್ಷದಿಂದ ಬರದೇ ಇರೋ ಟಾಪಿಕ್ ಹಿಡೀರಿ. ಅವೇ ಈ ಸಲ ಬರೋದು.

ಹಳೇ ಮೇಷ್ಟ್ರು

ಗುಣಿಸುವ ಮಾತು ಸರಿ. ಒಂದು ಟಾಪಿಕ್ ಕಡ್ಡಾಯ ಪ್ರಶ್ನೆಯಲ್ಲಿ ಬರೋದಕ್ಕೂ ಬಿಡಬಹುದಾದ ಪ್ರಶ್ನೆಯಲ್ಲಿ ಬರೋದಕ್ಕೂ ವ್ಯತ್ಯಾಸ ಇದೆ. ಹಾಕಿ ನೋಡೋಣ. ಅರೆವಾಹಕಕ್ಕೆ 8 ಪೂರ್ತಿ, ಎರಡು ಅಂಕದ 10ಕ್ಕೆ 6.25, ಮೂರಕ್ಕೆ 1.9. ಒಟ್ಟು ಸುಮಾರು 16. ವಿದ್ಯುತ್ ಪ್ರವಾಹಕ್ಕೆ 2, 1.25, 3.75, ಆಮೇಲೆ 25ಕ್ಕೆ ಸುಮಾರು 17.9. ಒಟ್ಟು ಸುಮಾರು 25. ಅಂತರ ಸ್ವಲ್ಪ ಕಿರಿದಾಯಿತು, ಕ್ರಮ ಬದಲಾಗಲಿಲ್ಲ. ಸಮೀಪ ಇರುವ ಟಾಪಿಕ್‌ಗಳಲ್ಲಿ ಬದಲಾಗಬಹುದು. ಗುಣಿಸಿದ್ದಕ್ಕೆ ಬೇರೆ ಕಾಲಂ ಇರಲಿ, ಅಚ್ಚಾದ ಅಂಕದ ಕಾಲಂ ಹಾಗೇ ಇರಲಿ. ಇಲ್ಲದಿದ್ದರೆ 85ರ ತಾಳೆ ನೋಡೋಕಾಗಲ್ಲ.

Y2ರ ಮಾತು ಮಾತ್ರ ಒಪ್ಪಲ್ಲ. Y2ರಲ್ಲಿ ಬಂದಿಲ್ಲ ಅಂತ ನಮಗೆ ಗೊತ್ತಿಲ್ಲ. ಎರಡು ಪ್ರಶ್ನೆಯ ಫೋಟೋ ಇಲ್ಲ, ಅಷ್ಟೇ.

ಸಮೀಕರಣ

Y2 ಬಿಡಿ. ಎರಡು ವರ್ಷ ಬರದ್ದು ಮೂರನೇ ವರ್ಷ ಬರುತ್ತೆ ಅನ್ನೋದು ನನ್ನ ಅನುಭವ. ಹೋದ ಸಲ ಹಾಗೇ ಓದಿ ಎರಡು ದೊಡ್ಡ ಪ್ರಶ್ನೆ ಹೊಡೆದಿದ್ದೆ.

ಅಂಚೆಪೆಟ್ಟಿಗೆ

ಅದನ್ನು ಇದೇ ಪತ್ರಿಕೆಗಳಲ್ಲಿ ಪರೀಕ್ಷೆ ಮಾಡಬಹುದು ಅಲ್ವಾ? ಮಳೆಬಿಲ್ಲು, Y6 ಬಚ್ಚಿಡಿ. Y1ರಿಂದ Y5ರವರೆಗಿನ ಪಟ್ಟಿಯಲ್ಲಿ ಮೇಲಿರುವ ಎಂಟು ಟಾಪಿಕ್ ತೆಗೆದುಕೊಳ್ಳಿ. ಆ ಎಂಟನ್ನು ಮಾತ್ರ ಓದಿ ಹೋಗಿದ್ದರೆ Y6ರಲ್ಲಿ ಎಷ್ಟು ಅಂಕಕ್ಕೆ ಬರೆಯಬಹುದಿತ್ತು ನೋಡಿ. ಆಯ್ಕೆಯ ಮಿತಿ ಮರೀಬೇಡಿ. ಬಿ ವಿಭಾಗದಲ್ಲಿ ಏಳು ಗೊತ್ತಿದ್ದರೂ ಐದಕ್ಕೇ ಅಂಕ. ಸಮೀಕರಣ ಹೇಳಿದ್ದಕ್ಕೂ ಅದೇ ಥರ ಲೆಕ್ಕ ತೆಗೀರಿ.

ಎಷ್ಟು ಪತ್ರಿಕೆಯಲ್ಲಿ ಬಂದಿದೆ ಅನ್ನೋದನ್ನೂ ತೆಗೆದಿಡಿ. ಒಂದೇ ವರ್ಷದಲ್ಲಿ 12 ಅಂಕಕ್ಕೆ ಬಂದ ಟಾಪಿಕ್ಕೂ, ಆರು ವರ್ಷವೂ ಎರಡೆರಡು ಅಂಕಕ್ಕೆ ಬಂದ ಟಾಪಿಕ್ಕೂ ಒಟ್ಟಿನಲ್ಲಿ ಒಂದೇ ಥರ ಕಾಣುತ್ತವೆ. ಎ ಕಾಲಂನಲ್ಲಿ ಪತ್ರಿಕೆ, ಡಿಯಲ್ಲಿ ಅಂಕ, ಇಯಲ್ಲಿ ಟಾಪಿಕ್ ಇದೆ ಅಂದುಕೊಳ್ಳೋಣ. ಎಚ್ ಕಾಲಂನಲ್ಲಿ 24 ಟಾಪಿಕ್ ಹೆಸರು, ಕೆ ಕಾಲಂನ ಮೊದಲ ಆರು ಕೋಶದಲ್ಲಿ Y1ರಿಂದ Y6 ಬರೆದಿಡಿ. ಮೊದಲನೇ ಸಾಲು ಟಾಪಿಕ್‌ನ ಒಟ್ಟು ಅಂಕ, ಎರಡನೇದು ಎಷ್ಟು ಪತ್ರಿಕೆಯಲ್ಲಿ ಬಂದಿದೆ ಅಂತ.

```
=SUMIFS(D:D,E:E,H2)
=SUMPRODUCT(--(COUNTIFS(E:E,H2,A:A,$K$1:$K$6)>0))
```

ಸೊನ್ನೆ ಬರಬಾರದ ಕಡೆ ಸೊನ್ನೆ ಬಂದರೆ ಟಾಪಿಕ್ ಹೆಸರಿನ ಕಾಗುಣಿತ ನೋಡಿ. ಹೆಸರಿನ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡರೂ ಅದು ಬೇರೆ ಟಾಪಿಕ್ ಆಗುತ್ತೆ. ನನಗೆ ಇದು ಅರ್ಧ ದಿನ ತಿಂದಿತ್ತು.

ಮಳೆಬಿಲ್ಲು

ಮಾಡಿದೆ. Y6ರಲ್ಲಿ ಆ ಎಂಟು ಟಾಪಿಕ್‌ನಿಂದ ಬಂದಿದ್ದು: ಎ ವಿಭಾಗದಲ್ಲಿ 5 ಪ್ರಶ್ನೆ, ಬಿಯಲ್ಲಿ 5, ಸಿಯಲ್ಲಿ 4, ಡಿಯಲ್ಲಿ 4. ಅಂದರೆ 5, 10, 12, 20. ಒಟ್ಟು 47. ಅರವತ್ತಕ್ಕೆ 47! ಮೂರನೇ ಒಂದು ಭಾಗ ಟಾಪಿಕ್ ಓದಿ ಇಷ್ಟು ಬರುತ್ತಾ ಅಂತ ಖುಷಿಯಾಯ್ತು.

ಆಮೇಲೆ ಇದನ್ನೇ Y5ಕ್ಕೆ ಮಾಡಿದೆ, Y1ರಿಂದ Y4 ನೋಡಿ. 39 ಬಂತು. Y4ಕ್ಕೆ, ಮೊದಲ ಮೂರು ವರ್ಷ ನೋಡಿ, 36. ಬರೀ Y6 ನೋಡಿ ನಿಲ್ಲಿಸಿದ್ದರೆ 47 ಅಂತ ನಂಬಿಬಿಡುತ್ತಿದ್ದೆ. ಇದೂ ಕೂಡ ಬರೆದದ್ದೆಲ್ಲ ಪೂರ್ತಿ ಸರಿ ಇದ್ದರೆ ಮಾತ್ರ.

ಸಮೀಕರಣ ಅವರೇ, ನಿಮ್ಮದನ್ನೂ ನೋಡಿದೆ. ಡಿ ವಿಭಾಗ ಮಾತ್ರ, Y2 ಬಿಟ್ಟು. ಹಿಂದೆ ಐದು ಅಂಕಕ್ಕೆ ಬಂದು, ಆಮೇಲೆ ಸತತ ಎರಡು ವರ್ಷ ಬರದೇ ಇದ್ದದ್ದು ಒಟ್ಟು ಆರು ಸಲ. ಮೂರನೇ ವರ್ಷ ಬಂದದ್ದು ಮೂರು, ಬರದ್ದು ಮೂರು. ಹಿಂದಿನ ವರ್ಷ ಬಂದಿದ್ದೇ ಮತ್ತೆ ಬಂತಾ ಅಂತಲೂ ನೋಡಿದೆ, Y3ರಿಂದ ಮುಂದಕ್ಕೆ. 21ರಲ್ಲಿ 11 ಸಲ ಬಂದಿದೆ.

ಸಮೀಕರಣ

ಆರರಲ್ಲಿ ಮೂರು ಅಂದರೆ ಅರ್ಧ. ಅರ್ಧ ಅನ್ನೋದು ಕಮ್ಮಿ ಅಲ್ಲ. ನಾನು ಹೇಳಿದ್ದು ಸುಳ್ಳು ಅಂತ ಇದರಿಂದ ಆಗಲಿಲ್ಲ.

ಹಳೇ ಮೇಷ್ಟ್ರು

ನಿಜ ಅಂತಲೂ ಆಗಲಿಲ್ಲ. ಎರಡು ವರ್ಷ ಬರದ್ದೂ ಅರ್ಧ ಸಲ ಬಂತು, ಹೋದ ವರ್ಷ ಬಂದದ್ದೂ ಅರ್ಧ ಸಲ ಬಂತು. ಬರದೇ ಇದ್ದದ್ದರಿಂದ ಜಾಸ್ತಿ ಬರುತ್ತೆ ಅನ್ನೋಕೆ ಇಲ್ಲಿ ಆಧಾರ ಕಾಣಲ್ಲ. ಆರು ಸಲದ ಲೆಕ್ಕದಿಂದ ಇನ್ನೂ ಬಿಗಿಯಾಗಿ ಯಾರೂ ಹೇಳೋಕಾಗಲ್ಲ.

ನಾನು ಕೆಲವು ವರ್ಷ ಪತ್ರಿಕೆ ತಯಾರಿಸಿದ್ದೇನೆ. ಹಿಂದಿನ ವರ್ಷದ ಪತ್ರಿಕೆ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದೆ, ಅದೇ ಪ್ರಶ್ನೆ ಅದೇ ಸಂಖ್ಯೆಗಳೊಂದಿಗೆ ಮತ್ತೆ ಬರಬಾರದು ಅಂತ. ಟಾಪಿಕ್ ಬರಬಾರದು ಅಂತ ಅಲ್ಲ. ಹೋದ ವರ್ಷ ವೀಟ್‌ಸ್ಟನ್ ಬ್ರಿಡ್ಜ್ ಡಿರೈವೇಷನ್ ಕೇಳಿದ್ದರೆ ಈ ವರ್ಷ ಅದರ ಮೇಲೆ ಲೆಕ್ಕ ಕೊಡುತ್ತಿದ್ದೆ. ಎಲ್ಲರೂ ಹಾಗೇ ಮಾಡುತ್ತಾರೆ ಅಂತ ಹೇಳಲಾರೆ. ಮಳೆಬಿಲ್ಲು, ನಿನ್ನ ಬಗೆಯ ಕಾಲಂ ನೋಡಿದ್ದೀಯಾ?

ಮಳೆಬಿಲ್ಲು

ಈಗ ನೋಡಿದೆ. ವಿದ್ಯುತ್ ಪ್ರವಾಹದ ಐದು ಅಂಕದ ಐದು ಪ್ರಶ್ನೆಯಲ್ಲಿ ನಾಲ್ಕು ಲೆಕ್ಕ, ಒಂದೇ ಡಿರೈವೇಷನ್. ನಾನು ಇಷ್ಟು ದಿನ ಆ ಪಾಠದ ಡಿರೈವೇಷನ್‌ಗಳನ್ನೇ ಬರೆದು ಬರೆದು ಕಲಿಯುತ್ತಿದ್ದೆ.

ಅಂಚೆಪೆಟ್ಟಿಗೆ

ಹಾಗಾದರೆ ಆ ಟಾಪಿಕ್‌ಗೆ ಕೊಟ್ಟ ಸಮಯದಲ್ಲಿ ಓದೋದು ಬಿಟ್ಟು ಕಿರ್ಚಾಫ್ ಲೆಕ್ಕ ಮಾಡಿ.

ಇನ್ನೊಂದು ಕಾಲಂ ಸೇರಿಸಿ: ನನಗೆ ಎಷ್ಟು ಬರುತ್ತೆ ಅಂತ. ಪಟ್ಟಿಗೆ ಪರೀಕ್ಷೆ ಗೊತ್ತು, ನೀವು ಗೊತ್ತಿಲ್ಲ. ನಾನು ಪುಸ್ತಕ ಮುಚ್ಚಿ, ಪ್ರತಿ ಟಾಪಿಕ್‌ನಿಂದ ಒಂದು ಹಳೇ ಪ್ರಶ್ನೆ ಬರೆದು ನೋಡಿದೆ. ಪೂರ್ತಿ ಬಂದರೆ 0, ಅರ್ಧ ಬಂದರೆ ಅರ್ಧ, ಬರದೇ ಇದ್ದರೆ 1. ಅದನ್ನು ವರ್ಷದ ಸರಾಸರಿ ಅಂಕಕ್ಕೆ ಗುಣಿಸಿದೆ. ಬಂದ ಸಂಖ್ಯೆ ನಾನು ಕಳೆದುಕೊಳ್ಳುತ್ತಿರುವ ಅಂಕ. ಪಟ್ಟಿಯ ತುದಿಯಲ್ಲಿದ್ದ ಎರಡು ಟಾಪಿಕ್ ನನಗೆ ಆಗಲೇ ಬರುತ್ತಿತ್ತು. ಅವು ಕೆಳಗೆ ಇಳಿದವು.

ನಿಮ್ಮ ಅರೆವಾಹಕ ವರ್ಷಕ್ಕೆ ಮೂರೂವರೆ ಅಂಕ. ಅದು ಏನೂ ಬರಲ್ಲ ಅಂದರೆ, ಎರಡು ಗಂಟೆಯಲ್ಲಿ ಮುಗಿಯೋ ಪಾಠ, ಮೊದಲ ವಾರದಲ್ಲೇ ಮಾಡಿ. ಅದರ ಎ ವಿಭಾಗದ ಪ್ರಶ್ನೆಗಳು ಕಡ್ಡಾಯ ಕೂಡ.

ದಾರಿಹೋಕ

ನಾನೂ 90 ಟಾಪಿಕ್‌ಗಳನ್ನು 28ಕ್ಕೆ ಇಳಿಸಿದೆ. ಈಗ ಏನೋ ಕಾಣ್ತಿದೆ. ಒಂದು ಕೇಳಬೇಕಿತ್ತು. ನನ್ನ ಸಿಲಬಸ್ಸಿಗೆ ಒಂದು ಹೊಸ ಭಾಗ ಎರಡು ವರ್ಷದ ಹಿಂದೆ ಸೇರಿದೆ. ಅದು ಎರಡೇ ಸಲ ಬಂದಿದೆ ಅಂತ ಪಟ್ಟಿಯ ಕೆಳಗೆ ಹೋಗಿ ಕೂತಿದೆ.

ಹಳೇ ಮೇಷ್ಟ್ರು

ಅದನ್ನು ಒಟ್ಟು ಪತ್ರಿಕೆಗಳ ಸಂಖ್ಯೆಯಿಂದ ಭಾಗಿಸಬೇಡಿ. ಬರೋಕೆ ಸಾಧ್ಯ ಇದ್ದದ್ದೇ ಎರಡು ಪತ್ರಿಕೆಯಲ್ಲಿ, ಎರಡರಲ್ಲೂ ಬಂದಿದೆ. ಆ ಸಾಲಿಗೆ ಭಾಜಕ 2. ಸಿಲಬಸ್ಸಿನಿಂದ ತೆಗೆದುಹಾಕಿದ್ದು ಏನಾದರೂ ಇದ್ದರೆ ಅದರ ಸಾಲುಗಳನ್ನು ಬೇರೆ ಹಾಳೆಗೆ ಹಾಕಿ.

ಕಡೇ ಬೆಂಚು

ಶಾಲೆ ಕಾಲೇಜಿನವರೇ ನಡೆಸೋ ಪೂರ್ವಸಿದ್ಧತಾ ಪರೀಕ್ಷೆ ಪತ್ರಿಕೆಗಳನ್ನೂ ಸೇರಿಸಬಹುದಾ? ಅವು ಬೇಕಾದಷ್ಟು ಸಿಗುತ್ತವೆ.

ಹಳೇ ಮೇಷ್ಟ್ರು

ಅಭ್ಯಾಸಕ್ಕೆ ಒಳ್ಳೆಯದು, ಎಣಿಕೆಗೆ ಬೇಡ. ಅವನ್ನು ಮಾಡುವವರು ಬೇರೆ, ಅವರೂ ನಿಮ್ಮ ಹಾಗೆ ಊಹೆ ಮಾಡಿಯೇ ಪ್ರಶ್ನೆ ಆರಿಸುತ್ತಾರೆ. ಪೂರಕ ಪರೀಕ್ಷೆಯ ಪತ್ರಿಕೆ ಸಿಕ್ಕರೆ ಸೇರಿಸಿ. ಅದೇ ಮಂಡಳಿ, ಅದೇ ಬ್ಲೂಪ್ರಿಂಟ್ ಆಗಿದ್ದರೆ ಅದೂ ಒಂದು ಪೂರ್ತಿ ಪತ್ರಿಕೆಯೇ.

ಮಳೆಬಿಲ್ಲು

Y2ರ ಕೊನೇ ಪುಟ ಸಿಕ್ಕಿತು! ಗೆಳತಿಯ ಅಕ್ಕನ ಹತ್ತಿರ ಮೂಲ ಪತ್ರಿಕೆಯೇ ಇತ್ತು, ಈಗ ತಾನೇ ಫೋಟೋ ಕಳಿಸಿದರು. ತಪ್ಪಿಹೋಗಿದ್ದ ಎರಡು ಪ್ರಶ್ನೆಯಲ್ಲಿ ಒಂದು ಲೆನ್ಸ್ ಸೂತ್ರದ ಡಿರೈವೇಷನ್. ಇನ್ನೊಂದು ಕಿರ್ಚಾಫ್ ನಿಯಮದ ಲೆಕ್ಕ. ಎರಡು ಕುಣಿಕೆ, ಮೂರು ರೋಧ, ಮಧ್ಯದ ಕವಲಿನಲ್ಲಿ ಪ್ರವಾಹ ಎಷ್ಟು ಅಂತ.

ಎರಡು "ಗೊತ್ತಿಲ್ಲ" ಅಳಿಸಿ ಟಾಪಿಕ್ ತುಂಬಿಸಿದೆ. ಈಗ 198 ಸಾಲು. ವಿದ್ಯುತ್ ಪ್ರವಾಹ 35ರಿಂದ 40 ಆಯ್ತು. ಐದು ಅಂಕದ ಪ್ರಶ್ನೆ ಆರಕ್ಕೆ ಆರೂ ವರ್ಷ ಬಂದಿದೆ, ಅದರಲ್ಲಿ ಐದು ಲೆಕ್ಕ. ಇವತ್ತು ರಾತ್ರಿ ಆ ಎರಡು ಕುಣಿಕೆಯ ಲೆಕ್ಕದಿಂದಲೇ ಶುರು ಮಾಡ್ತಿದ್ದೀನಿ.

ಸಮೀಕರಣ

Y2 ಬಗ್ಗೆ ನಾನು ಹೇಳಿದ್ದು ತಪ್ಪು, ಒಪ್ಪಿಕೊಳ್ತೀನಿ. ಎರಡು ವರ್ಷ ಬರದ ಟಾಪಿಕ್ ಬಗ್ಗೆ ಮಾತ್ರ ಇನ್ನೂ ಅದೇ ಅಭಿಪ್ರಾಯ. ಪರೀಕ್ಷೆ ಮುಗಿದ ಮೇಲೆ ಈ ವರ್ಷದ ಪತ್ರಿಕೆಯ ಡಿ ವಿಭಾಗ ಇಲ್ಲಿ ಹಾಕ್ತೀರಾ?

ಮಳೆಬಿಲ್ಲು

ಖಂಡಿತ ಹಾಕ್ತೀನಿ. ಕೊನೇ ಪುಟವನ್ನೂ ಸೇರಿಸಿ.